ಒಂದು ಸ್ಲೈಡ್‌ಗೆ ಒಂದೇ ಸಂಖ್ಯೆ: ಗದಗದ ಸಾಕ್ಷರತೆ ಅಂಕಿಗಳನ್ನು ಕ್ಯಾರಸೆಲ್‌ನಲ್ಲಿ ಹೇಗೆ ಹಾಕಲಿ?

ಪ್ರಶ್ನೆ (ಗದಗ-ಬೆಟಗೇರಿಯಿಂದ): ನಮ್ಮ ಮಹಿಳಾ ಸಂಘದಿಂದ ಸಂಜೆ ಓದು-ಬರಹದ ತರಗತಿ ಶುರು ಮಾಡ್ತಿದ್ದೀವಿ. ಕಲಿಸೋಕೆ 12 ಜನ ಬೇಕು. ಇನ್‌ಸ್ಟಾಗ್ರಾಂನಲ್ಲಿ ಕ್ಯಾರಸೆಲ್ ಹಾಕಿದೆ. ಮೊದಲ ಸ್ಲೈಡ್‌ನಲ್ಲೇ 2011ರ ಜನಗಣತಿ ಅಂಕಿಗಳು ಎಲ್ಲಾ ಇವೆ: ಗದಗ ಜಿಲ್ಲೆ ಒಟ್ಟು ಸಾಕ್ಷರತೆ ಶೇ. 75.12, ಗಂಡಸರು 84.66, ಹೆಣ್ಣುಮಕ್ಕಳು 65.44, ಪಕ್ಕದ ಧಾರವಾಡ ಜಿಲ್ಲೆಯ ಹೆಣ್ಣುಮಕ್ಕಳು 73.46. ಜನ ನೋಡಿ ಮುಂದೆ ಹೋಗ್ತಿದ್ದಾರೆ, ಸ್ವೈಪ್ ಮಾಡ್ತಿಲ್ಲ. ಒಂದು ಸ್ಲೈಡ್‌ಗೆ ಒಂದೇ ಸಂಖ್ಯೆ ಅಂತಾರಲ್ಲ, ಯಾವುದನ್ನು ಇಡಲಿ, ಯಾವುದನ್ನು ಬಿಡಲಿ?

ಹುಬ್ಬಳ್ಳಿ, ಡಿಸೈನ್ ಕೆಲಸದವರು: ಮೇಡಂ, ಮೊದಲು 75.12 ತೆಗೆದುಹಾಕಿ. ಅದು ಗಂಡಸರನ್ನೂ ಹೆಣ್ಣುಮಕ್ಕಳನ್ನೂ ಕೂಡಿಸಿದ ಅಂಕಿ. ನೀವು ಹೇಳಬೇಕಾದ ಮಾತನ್ನೇ ಅದು ಮುಚ್ಚಿಬಿಡುತ್ತೆ.

ಇನ್ನು 65.44. ಇದನ್ನು ಹಾಗೇ ಇಟ್ಟರೆ ಓದುವವರು "ಪರವಾಗಿಲ್ಲ, ಅರ್ಧಕ್ಕಿಂತ ಜಾಸ್ತಿ ಇದೆ" ಅಂದುಕೊಳ್ತಾರೆ. ನಿಮ್ಮ ತರಗತಿ ಇರೋದು ಉಳಿದವರಿಗೆ ಅಲ್ವಾ? ಹಾಗಾದರೆ ಉಳಿದವರ ಸಂಖ್ಯೆಯನ್ನೇ ಇಡಿ. ನೂರರಲ್ಲಿ 65.44 ಕಳೆದರೆ 34.56, ಅಂದರೆ 35. ಮೊದಲ ಸ್ಲೈಡ್‌ನಲ್ಲಿ ದೊಡ್ಡದಾಗಿ 35, ಅದರ ಕೆಳಗೆ ಒಂದೇ ವಾಕ್ಯ: "2011ರಲ್ಲಿ ಗದಗ ಜಿಲ್ಲೆಯ ಪ್ರತಿ 100 ಹೆಣ್ಣುಮಕ್ಕಳಲ್ಲಿ ಇಷ್ಟು ಮಂದಿಗೆ ಓದು-ಬರಹ ಬರುತ್ತಿರಲಿಲ್ಲ." ಶೇಕಡಾ ಚಿಹ್ನೆ ಬೇಡ, ದಶಾಂಶವೂ ಬೇಡ. "ನೂರರಲ್ಲಿ ಇಷ್ಟು" ಅಂದರೆ ಎಲ್ಲರಿಗೂ ಕಣ್ಣಿಗೆ ಕಟ್ಟುತ್ತೆ.

ಎರಡನೇ ಸ್ಲೈಡ್ 15, ಗಂಡಸರದ್ದು. ಮೂರನೆಯದು 27, ಧಾರವಾಡ ಜಿಲ್ಲೆಯ ಹೆಣ್ಣುಮಕ್ಕಳದ್ದು. ನಾಲ್ಕನೆಯದು 12, ನಿಮಗೆ ಬೇಕಾದ ಶಿಕ್ಷಕರು. ಅಲ್ಲಿಗೆ ಮುಗಿಸಿ. ಎರಡನೇ ಸ್ಲೈಡ್ ವಿಷಯದಲ್ಲಿ ಒಂದು ಎಚ್ಚರ. ಮೊದಲ ಸಲ ಸ್ವೈಪ್ ಮಾಡದೆ ಹೋದವರಿಗೆ ಇನ್‌ಸ್ಟಾಗ್ರಾಂ ಅದೇ ಪೋಸ್ಟನ್ನು ಕೆಲವೊಮ್ಮೆ ಎರಡನೇ ಸ್ಲೈಡ್‌ನಿಂದ ತೋರಿಸುತ್ತೆ. ಅದರಲ್ಲಿ ಬರೀ "ಗಂಡಸರಲ್ಲಿ 15" ಅಂತಿದ್ದರೆ ಯಾವ ಊರು, ಯಾವ ವರ್ಷ, ಏನು ಹದಿನೈದು, ಒಂದೂ ತಿಳಿಯಲ್ಲ. ಪ್ರತಿ ಸ್ಲೈಡೂ ಒಂಟಿಯಾಗಿ ನಿಲ್ಲಬೇಕು. ವಾಟ್ಸಾಪ್‌ಗೆ ಹೋಗುವಾಗಲೂ ಒಂದೇ ಸ್ಲೈಡ್‌ನ ಸ್ಕ್ರೀನ್‌ಶಾಟ್ ಹೋಗುತ್ತೆ, ಇಡೀ ಕ್ಯಾರಸೆಲ್ ಹೋಗಲ್ಲ. ಅದಕ್ಕೇ "ಜನಗಣತಿ 2011, 7 ವರ್ಷ ಮೇಲ್ಪಟ್ಟವರು" ಅನ್ನೋ ಸಾಲು ಜನಗಣತಿ ಅಂಕಿ ಇರುವ ಮೂರೂ ಸ್ಲೈಡ್‌ಗಳ ಬುಡದಲ್ಲಿ ಇರಲಿ.

ಬ್ಯಾಡಗಿಯಿಂದ ಒಬ್ಬರು: ನಾನೂ ಇದನ್ನೇ ಕೇಳಬೇಕು ಅಂತಿದ್ದೆ. ಮೆಣಸಿನಕಾಯಿ ದರ ದಿನಾ ಹಾಕ್ತೀನಿ. ಡಬ್ಬಿ, ಕಡ್ಡಿ, ಗುಂಟೂರು, ಒಂದೊಂದು ಸ್ಲೈಡ್‌ಗೆ ಒಂದೊಂದು ದರ ಹಾಕಿದರೆ ಚೆನ್ನಾಗಿರುತ್ತಾ?

ಹುಬ್ಬಳ್ಳಿ, ಡಿಸೈನ್ ಕೆಲಸದವರು: ಬೇಡ ಅಣ್ಣಾ. ನಿಮ್ಮ ಗಿರಾಕಿ ತನಗೆ ಬೇಕಾದ ದರ ಹುಡುಕಿಕೊಂಡು ಬರ್ತಾನೆ. ಅವನಿಗೆ ಎಲ್ಲಾ ಒಂದೇ ಪಟ್ಟಿಯಲ್ಲಿ ಸಿಗಲಿ. ನಾಲ್ಕು ಸಲ ಬೆರಳು ಆಡಿಸಬೇಕಾದರೆ ಬೈದುಕೊಂಡು ಹೋಗ್ತಾನೆ. ಇವರ ವಿಷಯ ಬೇರೆ, ಇವರ ಅಂಕಿಯನ್ನು ಯಾರೂ ಹುಡುಕ್ತಾ ಇಲ್ಲ.

ಧಾರವಾಡ, ಎಂ.ಎ. ವಿದ್ಯಾರ್ಥಿ: 2011ರ ಅಂಕಿ ತುಂಬಾ ಹಳೆಯದು ಅಕ್ಕಾ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5 (2019-21) ಇದೆ, ಜಿಲ್ಲಾವಾರು ಸಿಗುತ್ತೆ. ಒಂದು ಸ್ಲೈಡ್‌ನಲ್ಲಿ ಜನಗಣತಿ, ಮುಂದಿನದರಲ್ಲಿ ಸಮೀಕ್ಷೆ ಇಡಿ. ಎಷ್ಟು ಏರಿದೆ ಅಂತ ಕಾಣುತ್ತೆ.

ಹುಬ್ಬಳ್ಳಿ, ಡಿಸೈನ್ ಕೆಲಸದವರು: ಹಳೆಯದು ಅನ್ನೋದು ನಿಜ. ಅದಕ್ಕೇ ವಾಕ್ಯದಲ್ಲೇ ವರ್ಷ ಹಾಕಿ "ಬರುತ್ತಿರಲಿಲ್ಲ" ಅಂತ ಬರೆದದ್ದು. "ಬರಲ್ಲ" ಅಂದರೆ ಇವತ್ತಿನ ಮಾತಾಗುತ್ತೆ. ಆದರೆ ಆ ಎರಡನ್ನು ಅಕ್ಕಪಕ್ಕ ಇಡೋಕಾಗಲ್ಲ. ಜನಗಣತಿ 7 ವರ್ಷ ಮೇಲ್ಪಟ್ಟ ಎಲ್ಲರನ್ನೂ ಎಣಿಸುತ್ತೆ, 80 ದಾಟಿದ ಅಜ್ಜಿಯನ್ನೂ. ಆ ಸಮೀಕ್ಷೆಯ ಮಹಿಳಾ ಸಾಕ್ಷರತೆ 15ರಿಂದ 49 ವರ್ಷದವರದ್ದು. ಶಾಲೆಯ ಮುಖ ಕಾಣದ ಅಜ್ಜಿಯರು ಲೆಕ್ಕದಿಂದ ಹೊರಬಿದ್ದರೆ ಸಾಕು, ಒಬ್ಬರೂ ಹೊಸದಾಗಿ ಕಲಿಯದೆ ಅಂಕಿ ಏರಿಬಿಡುತ್ತೆ. ಸಾಕ್ಷರರು ಯಾರು ಅಂತ ತೀರ್ಮಾನಿಸುವ ರೀತಿಯೂ ಎರಡರಲ್ಲಿ ಬೇರೆ. ಬೇಕಿದ್ದರೆ ಇಡೀ ಕ್ಯಾರಸೆಲ್ ಸಮೀಕ್ಷೆಯ ಮೇಲೇ ಮಾಡಿ, ತಪ್ಪಿಲ್ಲ. ಆದರೆ ನಿಮ್ಮ ತರಗತಿಗೆ 50 ದಾಟಿದವರೇ ಜಾಸ್ತಿ ಬರಬಹುದು ಮೇಡಂ. ಅವರು ಜನಗಣತಿಯಲ್ಲಿ ಮಾತ್ರ ಇದ್ದಾರೆ.

ಗದಗ-ಬೆಟಗೇರಿ: ಅರ್ಥ ಆಯ್ತು. ಗಂಡಸರಿಗೂ ಹೆಣ್ಣುಮಕ್ಕಳಿಗೂ ಇರುವ ಅಂತರಕ್ಕೆ ಒಂದು ಸ್ಲೈಡ್ ಬೇಡವಾ? 84.66ರಲ್ಲಿ 65.44 ಕಳೆದರೆ 19.22. ದೊಡ್ಡದಾಗಿ 19 ಅಂತ ಹಾಕಬೇಕು ಅಂತಿದ್ದೆ.

ಹುಬ್ಬಳ್ಳಿ, ಡಿಸೈನ್ ಕೆಲಸದವರು: ಅಲ್ಲೇ ಸಿಕ್ಕಿಬೀಳೋದು ನೋಡಿ. ಮೊದಲ ಸ್ಲೈಡ್‌ನಲ್ಲಿ 35, ಎರಡನೆಯದರಲ್ಲಿ 15. ಓದುವವರು ಮನಸ್ಸಿನಲ್ಲೇ ಕಳೆದುಬಿಡ್ತಾರೆ, 20 ಬರುತ್ತೆ. ಮೂರನೆಯದರಲ್ಲಿ ನೀವು 19 ಅಂದರೆ, ಲೆಕ್ಕ ತಪ್ಪಿದೆ ಅಂತ ಮೊದಲ ಕಾಮೆಂಟೇ ಬರುತ್ತೆ. ನಿಮ್ಮದು ತಪ್ಪಲ್ಲ. 34.56 ಮೇಲಕ್ಕೆ ಸರಿದು 35 ಆಯ್ತು, 15.34 ಕೆಳಕ್ಕೆ ಸರಿದು 15 ಆಯ್ತು, ನಡುವೆ ಅಂತರ ಹಿಗ್ಗಿತು. ಒಂದು ದಶಾಂಶ ಇಟ್ಟರೂ ಬಿಡಲ್ಲ: 34.6ರಲ್ಲಿ 15.3 ಕಳೆದರೆ 19.3, ನಿಜವಾದದ್ದು 19.2. ಹಾಗಾಗಿ ಅಂತರದ ಸ್ಲೈಡನ್ನೇ ಬಿಡಿ. 35 ಆದಮೇಲೆ 15 ಬಂದರೆ ಅಂತರ ತಾನೇ ಕಾಣುತ್ತೆ. ಅಂತರವೇ ಮುಖ್ಯ ಅನ್ನಿಸಿದರೆ 15 ತೆಗೆದು 35, 19 ಅಷ್ಟೇ ಇಡಿ. ಮೂರೂ ಒಟ್ಟಿಗೆ ಬೇಡ.

19ರ ಪಕ್ಕ "ಶೇ. 19 ಜಾಸ್ತಿ" ಅಂತಲೂ ಬರೆಯಬೇಡಿ. ಹಾಗಂದರೆ ಲೆಕ್ಕವೇ ಬೇರೆ. "ನೂರಕ್ಕೆ 19 ಮಂದಿ ಜಾಸ್ತಿ" ಅನ್ನಿ.

ಹಾವೇರಿ, ಹೈಸ್ಕೂಲ್ ಶಿಕ್ಷಕಿ: ನನಗೆ ಮೂರನೇ ಸ್ಲೈಡ್ ಒಪ್ಪಿಗೆಯಾಗಲಿಲ್ಲ. 27 ನೋಡುವ ಹೊತ್ತಿಗೆ 35 ಮರೆತುಹೋಗಿರುತ್ತೆ. ಹೋಲಿಕೆ ಅಂದಮೇಲೆ ಎರಡೂ ಒಂದೇ ಕಡೆ ಇರಬೇಕು. ಎರಡು ಪಟ್ಟಿ ಎಳೆದು ತೋರಿಸಿದರೆ ನಮ್ಮ ಎಂಟನೇ ಕ್ಲಾಸಿನ ಮಕ್ಕಳಿಗೂ ತಿಳಿಯುತ್ತೆ.

ಹುಬ್ಬಳ್ಳಿ, ಡಿಸೈನ್ ಕೆಲಸದವರು: ಟೀಚರ್ ಹೇಳೋದರಲ್ಲಿ ಹುರುಳಿದೆ. ನಾನು 27 ದೊಡ್ಡದಾಗಿ ಇಟ್ಟು, ಮೂಲೆಯಲ್ಲಿ ತೆಳು ಬಣ್ಣದಲ್ಲಿ "ಗದಗ 35" ಅಂತ ಸಣ್ಣಗೆ ಬರೀತೀನಿ. ಮೂರು-ನಾಲ್ಕು ಜಿಲ್ಲೆ ಹೋಲಿಸಬೇಕಾದರೆ ಮಾತ್ರ ನಿಮ್ಮ ಪಟ್ಟಿಯೇ ಸರಿ.

ಅಳತೆ ಬೇಕಾದರೆ ಹೇಳಿಬಿಡ್ತೀನಿ. ಕ್ಯಾನ್ವಾಸ್ 1080×1350. ಸಂಖ್ಯೆ 450 ಪಿಕ್ಸೆಲ್ ಎತ್ತರ ಇರಲಿ, ವಾಕ್ಯ 64ರ ಆಸುಪಾಸು. ಬುಡದ ಸಾಲು 36ಕ್ಕಿಂತ ಕೆಳಗೆ ಇಳಿಸಬೇಡಿ, ಫೋನ್‌ನಲ್ಲಿ ಅದು ಸುಮಾರು ಮೂರನೇ ಒಂದು ಪಾಲು ಆಗಿ ಕಾಣುತ್ತೆ. ಕನ್ನಡಕ್ಕೆ ಸಾಲುಗಳ ನಡುವೆ 1.4 ಅಂತರ ಕೊಡಿ. ಇಂಗ್ಲಿಷ್ ಟೆಂಪ್ಲೇಟ್‌ನ ಬಿಗಿ ಅಂತರದಲ್ಲಿ "ಹೆಣ್ಣುಮಕ್ಕಳಲ್ಲಿ" ಪದದ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ. ಅನೆಕ್ ಕನ್ನಡ ಅಥವಾ ನೋಟೊ ಸಾನ್ಸ್ ಕನ್ನಡ ಫಾಂಟ್ ಸಾಕು. ಹಾಕುವ ಮುಂಚೆ ಸಂಘದ ಯಾರಿಗಾದರೂ ಫೋನ್‌ನಲ್ಲಿ ಎರಡು ಸೆಕೆಂಡ್ ತೋರಿಸಿ, ಮುಚ್ಚಿ, "ಏನಿತ್ತು?" ಅಂತ ಕೇಳಿ. "ಮೂವತ್ತೈದು ಏನೋ ಇತ್ತು" ಅಂದರೆ ಸಂಖ್ಯೆ ಮುಟ್ಟಿದೆ, ವಾಕ್ಯ ಮುಟ್ಟಿಲ್ಲ. ಆಗ ಸಂಖ್ಯೆ ದೊಡ್ಡದು ಮಾಡಬೇಡಿ, ವಾಕ್ಯ ಚಿಕ್ಕದು ಮಾಡಿ.

ಗದಗ-ಬೆಟಗೇರಿ: ಧನ್ಯವಾದ ರೀ. 15 ಇರಲೋ 19 ಇರಲೋ ಅಂತ ಸಂಘದಲ್ಲಿ ಇನ್ನೂ ಜಗಳ ನಡೀತಿದೆ. 35 ಮತ್ತು 12ರ ಸ್ಲೈಡ್ ಇವತ್ತೇ ಮಾಡಿ ಇಲ್ಲಿ ಹಾಕ್ತೀನಿ, ಒತ್ತು ಎಲ್ಲಾದರೂ ತಾಗಿದ್ದರೆ ಹೇಳಿ.