ಸಹಾಯ ಬೇಕು: ಎರಡೇ ಸಾಧನಗಳಿಗಾಗಿ 6 ಗಿಗಾಹರ್ಟ್ಸ್ ಇಟ್ಟುಕೊಳ್ಳಬೇಕೇ?

ಎರಡು ಕೋಣೆಯ ಮನೆ, ಟ್ರೈ-ಬ್ಯಾಂಡ್ ವೈಫೈ 6ಇ ರೂಟರ್, 300 ಎಂಬಿಪಿಎಸ್ ಇಂಟರ್ನೆಟ್. 6 ಗಿಗಾಹರ್ಟ್ಸ್ ಹಿಡಿಯುವುದು ಒಂದು ಫೋನ್ ಮತ್ತು ವಿಂಡೋಸ್ 11 ಲ್ಯಾಪ್‌ಟಾಪ್ ಮಾತ್ರ. ಟಿವಿ, ಪ್ರಿಂಟರ್, ಕ್ಯಾಮೆರಾ ಎಲ್ಲ ಹಳೆಯವು.

ರೂಟರ್ ಇರುವ ಕೋಣೆಯಲ್ಲಿ 160 ಮೆಗಾಹರ್ಟ್ಸ್ ಅಗಲದಲ್ಲಿ ಲಿಂಕ್ ವೇಗ 2402 ಎಂಬಿಪಿಎಸ್. 5 ಗಿಗಾಹರ್ಟ್ಸ್‌ನ 80 ಮೆಗಾಹರ್ಟ್ಸ್‌ನಲ್ಲಿ 1201. ಇಂಟರ್ನೆಟ್‌ಗೆ ಎರಡೂ ಒಂದೇ, 300ರ ಮೇಲೆ ಹೋಗುವುದಿಲ್ಲ. ಲಾಭ ಕಾಣುವುದು ಮನೆಯ ನೆಟ್‌ವರ್ಕ್ ಸ್ಟೋರೇಜ್ ಆದ ನ್ಯಾಸ್‌ಗೆ ದೊಡ್ಡ ಫೈಲ್ ಕಾಪಿ ಮಾಡುವಾಗ, ಅದೂ ಎರಡೂ ಕಡೆ 2.5 ಗಿಗಾಬಿಟ್ ಪೋರ್ಟ್ ಇರುವುದರಿಂದ. 1 ಗಿಗಾಬಿಟ್ ಪೋರ್ಟ್ ಆಗಿದ್ದರೆ ಸುಮಾರು 940ಕ್ಕೇ ನಿಲ್ಲುತ್ತಿತ್ತು. ಅಕ್ಕಪಕ್ಕದವರ ವೈಫೈ ಗದ್ದಲವಿಲ್ಲ ಎಂಬುದು ನಿಜವಾದ ಅನುಕೂಲ.

ತೊಂದರೆ ಕಾಂಕ್ರೀಟ್ ಗೋಡೆಯ ಆಚೆ. ಅಲ್ಲಿ 6 ಗಿಗಾಹರ್ಟ್ಸ್ ಸಿಗ್ನಲ್ -76 ಡಿಬಿಎಂ, 5 ಗಿಗಾಹರ್ಟ್ಸ್ -65. ಆದರೂ ಫೋನ್ 6ಕ್ಕೇ ಅಂಟಿಕೊಂಡು ವಿಡಿಯೋ ಕಾಲ್ ತಡವರಿಸುತ್ತದೆ. ಲ್ಯಾಪ್‌ಟಾಪ್ ಯಾವ ಬ್ಯಾಂಡ್‌ನಲ್ಲಿದೆ ಎಂದು ಇದರಿಂದ ನೋಡುತ್ತಿದ್ದೇನೆ:

```
netsh wlan show interfaces
```

6ರಲ್ಲಿ ಡಬ್ಲ್ಯೂಪಿಎ3 ಭದ್ರತೆ ಕಡ್ಡಾಯ. ಹಳೆಯ ಪ್ರಿಂಟರ್‌ಗೆ ಡಬ್ಲ್ಯೂಪಿಎ2 ಬೇಕು. ಈಗ ಮೂರೂ ಬ್ಯಾಂಡ್‌ಗೆ ಒಂದೇ ಹೆಸರು, ಕೆಳಗಿನ ಎರಡಕ್ಕೆ ಮಿಶ್ರ ಮೋಡ್. 6ರ ಚಾನೆಲ್ 37, ಫೋನ್‌ಗಳು ಮೊದಲು ಹುಡುಕುವ ಚಾನೆಲ್‌ಗಳಲ್ಲೊಂದು, ಹಾಗಾಗಿ ಕಾಣಿಸದಿರುವ ಸಮಸ್ಯೆಯಿಲ್ಲ.

6ಕ್ಕೆ ಬೇರೆ ಹೆಸರಿಟ್ಟು ಲ್ಯಾಪ್‌ಟಾಪ್ ಒಂದನ್ನೇ ಅದಕ್ಕೆ ಜೋಡಿಸುವುದು ಸರಿಯೇ? ಅಥವಾ ಹೆಸರು ಒಂದೇ ಇಟ್ಟು, -70 ಡಿಬಿಎಂಗಿಂತ ಕೆಳಗಿಳಿದಾಗ ರೂಟರ್ ಸಾಧನವನ್ನು ಹೊರದಬ್ಬುವಂತೆ ಮಾಡಿದರೆ ಕಾಲ್ ಕಡಿದುಹೋಗದೆ 5ಕ್ಕೆ ಬದಲಾಗುತ್ತದೆಯೇ? ಮಾಡಿ ನೋಡಿದವರು ತಿಳಿಸಿ.