10 ದಿನದಾಗ ಕೊಟ್ರೆ 2% ಸಿಡಿ: ಸಿಸಿಯಿಂದ ತೆಗೆದು ಕೊಡ್ಲಾ, 45 ದಿನ ಕಾಯ್ಲಾ?

ಕೌಲ್‌ಬಜಾರ್_ಜೀನ್ಸ್: ನಂದು ಬಳ್ಳಾರಿಯಾಗೆ ಸಣ್ಣ ಜೀನ್ಸ್ ಯೂನಿಟ್. ಅಹಮದಾಬಾದಿಂದ ಡೆನಿಮ್ ತರಿಸ್ತೀನಿ. ಈ ಸಲದ ಬಿಲ್ಲು 5,00,000, ಅದ್ರ ಮೇಲೆ 5% ಜಿಎಸ್‌ಟಿ 25,000, ಒಟ್ಟು 5,25,000. ಬಿಲ್ಲಿನ ಕೆಳಗೆ ಹಿಂಗೆ ಪ್ರಿಂಟ್ ಐತೆ: ಬಿಲ್ ತಾರೀಖಿಂದ 10 ದಿನದಾಗ ಕೊಟ್ರೆ ಮಾಲಿನ ಬೆಲೆ ಮೇಲೆ 2% ಸಿಡಿ ಅಂದ್ರೆ ಕ್ಯಾಶ್ ಡಿಸ್ಕೌಂಟ್, ಇಲ್ಲಾಂದ್ರೆ 45 ದಿನ, ಆಮೇಲೆ ವರ್ಷಕ್ಕೆ 18% ಬಡ್ಡಿ. ಕೈಯಾಗೆ ದುಡ್ಡಿಲ್ಲ, ಬ್ಯಾಂಕಿನ ಸಿಸಿ ಅಂದ್ರೆ ಕ್ಯಾಶ್ ಕ್ರೆಡಿಟ್ ಸಾಲ ವರ್ಷಕ್ಕೆ 11% ಬಡ್ಡಿಗೆ ಐತೆ. ಸಿಸಿಯಿಂದ ತೆಗೆದು 10ನೇ ದಿನಕ್ಕೆ ಕೊಟ್ರೆ ಲಾಭನಾ ನಷ್ಟನಾ?

ಮಿಲ್_ಗಂಗಾವತಿ: ಅಣ್ಣಾ 2 ಸಿಗೋದಕ್ಕ 11 ಕಟ್ತೀಯಾ? ಬಿಟ್ಹಾಕು, ಇದಕ್ಕ ಲೆಕ್ಕ ಬೇರೆ ಬೇಕಾ. ನಾನೂ ಹೋದ ವರ್ಷ ಅಕ್ಕಿ ಚೀಲದ ಪಾರ್ಟಿಗೆ ಹಿಂಗ ಬೇಗ ಕೊಟ್ಟು ಕೈ ಸುಟ್ಕೊಂಡೀನಿ.

ತುಂಗಭದ್ರಾ_ತೀರ: ಗಂಗಾವತಿಯವ್ರು 2ನ್ನ 11ರ ಜೊತೆ ನೇರವಾಗಿ ತೂಗ್ತಿದಾರೆ, ಅದು ತಪ್ಪು ಸರ್. 11 ಅನ್ನೋದು ವರ್ಷದ್ದು, 2 ಅನ್ನೋದು ಬರೀ 35 ದಿನದ್ದು. 98 ರೂಪಾಯಿನ 35 ದಿನ ಮುಂಚೆ ಕೊಟ್ಟಿದ್ದಕ್ಕೆ 2 ರೂಪಾಯಿ ಉಳೀತು ಅಂದ್ರೆ `2/98 × 365/35` ಅಂದ್ರೆ ವರ್ಷಕ್ಕೆ 21.28% ಆಯ್ತು. 11ಕ್ಕೆ ತಂದು 21 ದುಡಿಸೋದನ್ನ ಯಾರಾದ್ರೂ ಬಿಡ್ತಾರಾ? ಕಣ್ಣು ಮುಚ್ಚಿ ಸಿಡಿ ತಗೊಳ್ಳಿ. ಇದು ಬಿಕಾಂ ಪುಸ್ತಕದಾಗೆ ಇರೋದೇ.

ರಾಯಚೂರು_ಜಿನ್ನಿಂಗ್: 98 ರೂಪಾಯಿ ಎಲ್ಲಿಂದ ಬಂತ್ರಿ? ಆತ ಕಟ್ಟೋದು ಜಿಎಸ್‌ಟಿ ಸೇರ್ಸಿ. ಪುಸ್ತಕದಾಗ ಜಿಎಸ್‌ಟಿ ಇಲ್ಲ, ಬಿಲ್ಲಿನಾಗ ಅದ. ಇನ್ನೊಂದು ಮಾತು, ಸಿಡಿ ತಗೊಂಡ ಮ್ಯಾಲ ಅಷ್ಟಕ್ಕ ಐಟಿಸಿ, ಅಂದ್ರ ಖರೀದಿ ಮ್ಯಾಲ ಕಟ್ಟಿದ ಜಿಎಸ್‌ಟಿಗೆ ತಗೊಂಡ ಕ್ರೆಡಿಟ್, ವಾಪಸ್ ಮಾಡ್ಬೇಕು. ಅದನ್ನ ಯಾರೂ ಹೇಳಂಗಿಲ್ಲ.

ಲೆಕ್ಕದಕ್ಕ_ಬಳ್ಳಾರಿ: 98ರ ಬಗ್ಗೆ ರಾಯಚೂರಿನವ್ರು ಹೇಳಿದ್ದು ಸರಿ ಐತೆ. ಪರ್ಸೆಂಟ್ ಬಿಟ್ಟು ರೂಪಾಯಿನಾಗೆ ನೋಡು ತಮ್ಮಾ. ಸಿಡಿ 10,000 ಕಳೆದ್ರೆ 10ನೇ ದಿನ ಕಟ್ಟೋದು 5,15,000. ಅಷ್ಟನ್ನ ಸಿಸಿಯಿಂದ ತೆಗೆದ್ರೆ 11%ಗೆ ದಿನಕ್ಕೆ ಸುಮಾರು 155 ರೂಪಾಯಿ ಬಡ್ಡಿ ಓಡ್ತೈತೆ. 10ರಿಂದ 45ಕ್ಕೆ 35 ದಿನ, ಬಡ್ಡಿ 5,432. ಉಳಿದಿದ್ದು 10,000, ಬಡ್ಡಿ ಕಳೆದು ಕೈಗೆ 4,568. ಇದೇ ಲೆಕ್ಕನಾ ವರ್ಷಕ್ಕೆ ಹಾಕಿದ್ರೆ 21 ಅಲ್ಲ, 20 ಚಿಲ್ಲರೆ ಬರ್ತೈತೆ. ಆದ್ರೆ ನಾನು ಒಂದು ಕೇಳ್ಬೇಕು, ನೀನು ಸಿಡಿ ತಗೊಳ್ದಿದ್ರೆ ನಿಜವಾಗ್ಲೂ 45ನೇ ದಿನಕ್ಕೆ ಕೊಡ್ತೀಯಾ?

ರಾಯಚೂರು_ಜಿನ್ನಿಂಗ್: ಅಕ್ಕಾರ ಸಿಡಿ 10,000 ಅಂತ ಹ್ಯಾಂಗ ಬರದ್ರಿ? ಸಪ್ಲೈಯರ್ ಜಿಎಸ್‌ಟಿ ಹಾಕಿ ಕ್ರೆಡಿಟ್ ನೋಟ್ ಕೊಟ್ರ 10,500 ಆಗ್ತದ. ಆ 500 ಐಟಿಸಿ ವಾಪಸ್ ಹೋಗ್ತದ. ಲೆಕ್ಕ ಹೇಳೋರು ಪೂರಾ ಹೇಳ್ರಿ.

ಲೆಕ್ಕದಕ್ಕ_ಬಳ್ಳಾರಿ: 10,500 ಕಡಿಮೆ ಕಟ್ತಾನೆ, 500 ಐಟಿಸಿ ಬಿಡ್ತಾನೆ, ಉಳಿಯೋದು ಮತ್ತೆ 10,000. ಜಿಎಸ್‌ಟಿ ಇಲ್ದೆ ಬರೀ ಕಮರ್ಷಿಯಲ್ ಕ್ರೆಡಿಟ್ ನೋಟ್ ಕೊಟ್ರೆ 10,000 ಕಡಿಮೆ ಕಟ್ತಾನೆ, ಐಟಿಸಿ ಪೂರಾ ಇಟ್ಕೋತಾನೆ, ಆಗ್ಲೂ 10,000. ಐಟಿಸಿ ತಗೊಳ್ಳೋ ಯೂನಿಟ್‌ಗೆ ಎರಡೂ ಒಂದೇ.

ರಾಯಚೂರು_ಜಿನ್ನಿಂಗ್: ಐಟಿಸಿ ಪೂರಾ ಇಟ್ಕೋತಾನ? ಯಾವ ಕಾನೂನಿನಾಗ? ನಮಗ ಇದಕ್ಕs ನೋಟಿಸ್ ಬಂದಿತ್ತು, ಬೇಲ್ ಕಟ್ಟೋ ಪಟ್ಟಿ ಬಿಲ್ಲಿಗೆ ಸಿಡಿ ತಗೊಂಡಿದ್ವಿ, ಐಟಿಸಿ ಜೊತಿಗೆ ಬಡ್ಡಿನೂ ಕಟ್ಟೀವಿ. ನೀವು ಇಲ್ಲಿ ಕುಂತು ಇಟ್ಕೋ ಅಂದ್ರ ನಾಳೆ ಆ ಹುಡುಗ ಕಟ್ಟಬೇಕಾಗ್ತದ.

ತುಂಗಭದ್ರಾ_ತೀರ: ನೋಟಿಸ್ ಬಂದಿದ್ದು ನಿಮಗೆ ಯಾವ ನಮೂನೆ ಕ್ರೆಡಿಟ್ ನೋಟಿಗೆ ಅಂತ ಹೇಳ್ರಿ ಮೊದ್ಲು. 2025ರ ಸೆಪ್ಟೆಂಬರ್‌ನಾಗೆ ಜಿಎಸ್‌ಟಿ ಬೋರ್ಡಿನ ಸುತ್ತೋಲೆನೇ ಐತೆ, ಸಪ್ಲೈಯರ್ ತನ್ನ ತೆರಿಗೆ ಕಡಿಮೆ ಮಾಡ್ಕೊಳ್ದೆ ಕೊಟ್ಟ ಹಣದ ಕ್ರೆಡಿಟ್ ನೋಟಿಗೆ ಕೊಂಡವನು ಐಟಿಸಿ ವಾಪಸ್ ಮಾಡ್ಬೇಕಿಲ್ಲ ಅಂತ.

ರಾಯಚೂರು_ಜಿನ್ನಿಂಗ್: ಸುತ್ತೋಲೆ ನನಗ ಓದಿ ಹೇಳಬ್ಯಾಡ್ರಿ. ನೋಟಿಸ್ ಬಂದದ್ದು ನನಗ, ನಿಮಗಲ್ಲ.

ಲೆಕ್ಕದಕ್ಕ_ಬಳ್ಳಾರಿ: ನಿಮ್ಮ ಸಪ್ಲೈಯರ್ ಕೊಟ್ಟ ಕ್ರೆಡಿಟ್ ನೋಟು ಜಿಎಸ್‌ಟಿ ಪೋರ್ಟಲ್‌ನ ನಿಮ್ಮ 2ಬಿ ಪಟ್ಟಿನಾಗೆ ಕಾಣ್ತಿತ್ತಾ ಇಲ್ವಾ? ಕಾಣ್ತಿತ್ತು ಅಂದ್ರೆ ಅವ್ರು ಜಿಎಸ್‌ಟಿ ಇಳಿಸ್ಕೊಂಡಿದಾರೆ, ನೀವು ವಾಪಸ್ ಮಾಡ್ಲೇಬೇಕಿತ್ತು, ನೋಟಿಸ್ ಸರಿ ಐತೆ. ಈ ಹುಡುಗನ ಬಿಲ್ಲಿನಾಗೆ ಸಿಡಿ ಶರತ್ತು ಮೊದ್ಲೇ ಪ್ರಿಂಟ್ ಆಗೈತೆ, ಆದ್ರಿಂದ ಇವನ ಸಪ್ಲೈಯರ್‌ಗೂ ಕಲಂ 15(3)ರಾಗೆ ಜಿಎಸ್‌ಟಿ ಇಳಿಸ್ಕೊಳ್ಳೋ ದಾರಿ ಐತೆ. ಯಾವ ದಾರಿ ಹಿಡೀತಾರೆ ಅಂತ ಫೋನ್ ಮಾಡಿ ಕೇಳಿದ್ರೆ ಮುಗೀತು.

ರಾಯಚೂರು_ಜಿನ್ನಿಂಗ್: ಅಂದ್ರ ವಾಪಸ್ ಮಾಡೋದು ಇರ್ತದ ಅಂತ ನೀವs ಒಪ್ಪಿದ್ರಿ. ನಾ ಮೊದಲಿಂದ ಹೇಳಿದ್ದು ಅದೇ.

ತುಂಗಭದ್ರಾ_ತೀರ: ಎಲ್ಲಿ ಒಪ್ಪಿದ್ರು? ಅಕ್ಕ "ಕಾಣ್ತಿತ್ತು ಅಂದ್ರೆ" ಅಂತ ಬರ್ದಿದಾರೆ. 2ಬಿನಾಗೆ ಕಾಣ್ತಿತ್ತಾ, ಒಂದು ಮಾತಿನಾಗೆ ಹೇಳಿ ಸರ್.

ರಾಯಚೂರು_ಜಿನ್ನಿಂಗ್: ನೀವು ಯಾರ್ರಿ ನನ್ನ ವಿಚಾರಣೆ ಮಾಡ್ಲಿಕ್ಕ? ಒಂದು ಬಿಲ್ ಆದ್ರೂ ಕಟ್ಟೀರೇನು ಸ್ವಂತ ದುಡ್ಡಿನಾಗ? 21% ಅಂತ ತಪ್ಪು ಲೆಕ್ಕ ಕೊಟ್ಟೋರು ನೀವು.

ಮಿಲ್_ಗಂಗಾವತಿ: ಜಿಎಸ್‌ಟಿ ಜಗಳ ಬಿಡ್ರಿ. ನನಗ ನಷ್ಟ ಆಗಿದ್ದು ಸುಳ್ಳಾ ಹಂಗಾದ್ರ? ನಾನು ಫೈನಾನ್ಸಿನಾಗ ನೂರಕ್ಕ 2 ರೂಪಾಯಿ ಬಡ್ಡಿಗೆ ತಂದು ಕೊಟ್ಟೀನಿ, ಅವ್ರೂ 2% ಬಿಟ್ಟಿದ್ರು.

ಲೆಕ್ಕದಕ್ಕ_ಬಳ್ಳಾರಿ: ನಿಮ್ಮದು ಸುಳ್ಳಲ್ಲ ಅಣ್ಣಾರೆ. ತಿಂಗಳಿಗೆ ನೂರಕ್ಕೆ 2 ಅಂದ್ರೆ ವರ್ಷಕ್ಕೆ 24. ಇದೇ ಡೆನಿಮ್ ಬಿಲ್ಲನ್ನ ಆ ದುಡ್ಡಿನಾಗೆ ಕಟ್ಟಿದ್ರೆ 35 ದಿನಕ್ಕೆ ಬಡ್ಡಿ ಸುಮಾರು 12,000 ಆಗ್ತೈತೆ, ಉಳಿಯೋದು 10,000. 20ರ ಮೇಲಿನ ಬಡ್ಡಿಗೆ ತಂದವ್ರು ಈ ಬಿಲ್ಲಿನಾಗೆ ಸಿಡಿ ಮುಟ್ಬಾರ್ದು. ಈ ಹುಡುಗಂದು 11, ಅದಕ್ಕೇ ಬೇರೆ ಉತ್ತರ.

ಮಿಲ್_ಗಂಗಾವತಿ: "ಮುಟ್ಬಾರ್ದು" ಅಂದ್ರಲ್ಲ, ಅಷ್ಟ ಸಾಕು. ಇನ್ನೊಂದು ಐತಿ, ಸಿಡಿ ಕೊಡೋ ಪಾರ್ಟಿ ರೇಟಿನಾಗ ಅದನ್ನ ಮೊದ್ಲ ಏರಿಸಿಟ್ಟಿರ್ತಾನ. ಸಿಡಿ ಇಲ್ದ ನೆಟ್ ರೇಟು ಎಷ್ಟು ಅಂತ ಇನ್ನೊಬ್ಬನ ಕಡೆ ಮೀಟರ್ ಲೆಕ್ಕದಾಗ ಕೇಳು.

ಕೌಲ್‌ಬಜಾರ್_ಜೀನ್ಸ್: ರೇಟು ಕೇಳಿದೀನಿ ಅಣ್ಣಾ, ಅದೇ ಕ್ವಾಲಿಟಿಗೆ ಎಲ್ಲಾರದೂ ಆಸುಪಾಸು ಐತೆ. ಅಕ್ಕಾ ನೀವು ಕೇಳಿದ್ದಕ್ಕೆ, ನಿಜ ಹೇಳ್ಬೇಕಂದ್ರೆ 45ಕ್ಕೆ ಯಾವತ್ತೂ ಕೊಟ್ಟಿಲ್ಲ. ನಮ್ಮ ಮಾಲು ತಗೊಂಡೋರು ದುಡ್ಡು ಹಾಕೋದೇ ತಡ ಮಾಡ್ತಾರೆ, ಅದಕ್ಕೆ 70, 75 ದಿನ ಆಗ್ತೈತೆ. 18% ಅಂತ ಬಿಲ್ಲಿನಾಗೆ ಇರ್ತೈತೆ, 3 ವರ್ಷದಾಗ ಒಮ್ಮೆನೂ ಹಾಕಿಲ್ಲ.

ಲೆಕ್ಕದಕ್ಕ_ಬಳ್ಳಾರಿ: ಅದಕ್ಕೇ ಕೇಳಿದ್ದು ತಮ್ಮಾ. ನಿನ್ನ ನಿಜವಾದ ಲೆಕ್ಕ 35 ದಿನದ್ದಲ್ಲ, 10ರಿಂದ 75ಕ್ಕೆ 65 ದಿನದ್ದು. ದಿನಕ್ಕೆ 155ರಂತೆ ಬಡ್ಡಿ 10,088. ಸಿಡಿ 10,000. ಅಂದ್ರೆ 4,568 ಲಾಭ ಅಂತ ಮೇಲೆ ಬರೆದಿದ್ದು ಪೂರಾ ಹೋಗಿ 88 ರೂಪಾಯಿ ನಷ್ಟ. ಬಿಲ್ಲಿನಾಗೆ ಬರೆದ ದಿನ ನೋಡಿ ಲೆಕ್ಕ ಹಾಕಿದ್ರೆ ಇದು ಕಾಣಂಗಿಲ್ಲ, ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಹಿಂದಿನ ಹತ್ತು ಬಿಲ್ಲು ಯಾವ್ಯಾವ ದಿನ ಕಟ್ಟೀಯ ನೋಡ್ಬೇಕು.

ತುಂಗಭದ್ರಾ_ತೀರ: 88 ರೂಪಾಯಿಗೆ ನಷ್ಟ ಅನ್ನೋದಾ ಅಕ್ಕಾ? 75 ದಿನ ಎಳೆಯೋದನ್ನ ಲೆಕ್ಕಕ್ಕೆ ತಗೊಂಡ್ರೆ 18% ನೂ ತಗೋಬೇಕು. 45ರಿಂದ 75ಕ್ಕೆ 30 ದಿನ, 5,25,000ಕ್ಕೆ 7,767 ಆಗ್ತೈತೆ. ಅವ್ರು ಹಾಕಿದ ದಿನ ನನ್ನ ಮಾತೇ ಸರಿ.

ಲೆಕ್ಕದಕ್ಕ_ಬಳ್ಳಾರಿ: ಹಾಕಿದ ದಿನ ಹೌದು. ಅದಕ್ಕಿಂತ ಹತ್ತಿರದ್ದು ಇನ್ನೊಂದೈತೆ. ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಐತಾ? ಸಪ್ಲೈಯರ್ ಮೈಕ್ರೋ ಇಲ್ಲಾ ಸ್ಮಾಲ್ ತಯಾರಕ ಆಗಿದ್ರೆ, 45 ದಿನ ದಾಟಿದ ಬಾಕಿ ಮಾರ್ಚ್ 31ಕ್ಕೆ ಉಳಿದ್ರೆ ಆ ಖರೀದಿ ಆ ವರ್ಷದ ಖರ್ಚಿಗೆ ಸೇರಲ್ಲ, ನಿನ್ನ ಆದಾಯಕ್ಕೆ ಕೂಡಿಸಿ ತೆರಿಗೆ ಹಾಕ್ತಾರೆ. ಕಟ್ಟಿದ ವರ್ಷ ಖರ್ಚು ಸಿಗ್ತೈತೆ, ಆದ್ರೆ ತೆರಿಗೆ ಮೊದ್ಲೇ ಹೋಗಿರ್ತೈತೆ. ಬರೀ ವ್ಯಾಪಾರಿ ಆಗಿದ್ರೆ ಈ ನಿಯಮ ಬರಲ್ಲ. ಫೆಬ್ರವರಿ ಬಿಲ್ಲಿಗೂ ಆಗಸ್ಟ್ ಬಿಲ್ಲಿಗೂ ಅದಕ್ಕೇ ಒಂದೇ ಉತ್ತರ ಹೇಳಾಕೆ ಆಗಲ್ಲ.

ಕೌಲ್‌ಬಜಾರ್_ಜೀನ್ಸ್: ಉದ್ಯಮ್ ನಂಬರ್ ಐತೆ, ತಯಾರಕನಾ ವ್ಯಾಪಾರಿನಾ ಗೊತ್ತಿಲ್ಲ, ಕೇಳ್ತೀನಿ. ಇನ್ನೊಂದು ತೊಡಕು ಅಕ್ಕಾ, ಸಿಸಿ 20 ಲಕ್ಷದ್ದು, ಈಗ 16 ಬಳಸಿದೀನಿ, ಉಳಿದಿದ್ದೇ 4. ಶನಿವಾರ ಹೊಲಿಗೆಯವ್ರಿಗೆ ಕೂಲಿ ಬೇರೆ ಕೊಡ್ಬೇಕು.

ತುಂಗಭದ್ರಾ_ತೀರ: ಸಪ್ಲೈಯರ್‌ಗೆ ಕೊಟ್ರೆ ಬಾಕಿ ಕಡಿಮೆ ಆಗಿ ಡ್ರಾಯಿಂಗ್ ಪವರ್, ಅಂದ್ರೆ ಸ್ಟಾಕ್ ನೋಡಿ ಬ್ಯಾಂಕು ತೆಗೆಯಾಕೆ ಬಿಡೋ ಮೊತ್ತ, ಏರ್ತೈತಲ್ಲ, ಆಗ ಲಿಮಿಟ್ ಸಾಕಾಗ್ತೈತೆ.

ಲೆಕ್ಕದಕ್ಕ_ಬಳ್ಳಾರಿ: ಏರ್ತೈತೆ, ಬ್ಯಾಂಕು ಸ್ಟಾಕಿನಾಗೆ ಪಾರ್ಟಿ ಬಾಕಿ ಕಳೆದು 25% ಮಾರ್ಜಿನ್ ಬಿಟ್ಟು ಕೊಡ್ತಿದ್ರೆ 5,25,000 ಬಾಕಿ ತೀರಿದ್ದಕ್ಕೆ ಸುಮಾರು 3.9 ಲಕ್ಷ ಏರ್ತೈತೆ. ಆದ್ರೆ ಅದು ಮುಂದಿನ ಸ್ಟಾಕ್ ಸ್ಟೇಟ್‌ಮೆಂಟ್ ಕೊಟ್ಟ ಮೇಲೆ, 20 ಲಕ್ಷದ ಒಳಗೆ ಮಾತ್ರ. ಈ ಶನಿವಾರದ ಕೂಲಿಗೆ ಬರಂಗಿಲ್ಲ. ಕೂಲಿ ದುಡ್ಡು ಮುಟ್ಬೇಡ ತಮ್ಮಾ. ಒಂದು ವಾರ ಕೂಲಿ ತಪ್ಪಿದ್ರೆ ಹೊಲಿಗೆಯವ್ರು ಪಕ್ಕದ ಯೂನಿಟ್‌ಗೆ ಹೋಗ್ತಾರೆ, ಆ ನಷ್ಟ ಯಾವ ಸಿಡಿನೂ ತುಂಬಲ್ಲ.

ಮಿಲ್_ಗಂಗಾವತಿ: ಮಾಲು ಬರೋಕೆ ಎಷ್ಟು ದಿನ ಆಗ್ತೈತಿ? ದಿನ ಎಣಿಸೋದು ಬಿಲ್ ತಾರೀಖಿಂದ ಅಂದಿಯಲ್ಲ.

ಕೌಲ್‌ಬಜಾರ್_ಜೀನ್ಸ್: ಲಾರಿ 6 ದಿನಕ್ಕೆ ಬರ್ತೈತೆ. ಉಳಿಯೋದು 4 ದಿನ. ಅಷ್ಟರಾಗೆ ತುಂಡು ಕತ್ತರಿಸಿ ವಾಷಿಂಗಿಗೆ ಹಾಕಿ ಶೇಡು ನೋಡ್ಬೇಕು, ಎಷ್ಟು ಕುಗ್ತೈತೆ ಅಂತ ಅಳೀಬೇಕು. ಹೋದ ಸಲ ಎರಡು ತಾನಿನ ಶೇಡು ಬೇರೆ ಬೇರೆ ಬಂದಿತ್ತು, ದುಡ್ಡು ಕೊಟ್ಟಿರ್ಲಿಲ್ಲ ಅಂತ ಸಪ್ಲೈಯರ್ ಬಿಲ್ಲಿನಾಗೆ ಕಡಿಮೆ ಮಾಡಿದ್ರು.

ಮಿಲ್_ಗಂಗಾವತಿ: ನೋಡ್ರಿ, ದುಡ್ಡು ಕೈಯಾಗಿದ್ರ ಮಾತು ಕೇಳ್ತಾರ.

ಲೆಕ್ಕದಕ್ಕ_ಬಳ್ಳಾರಿ: ಅದಕ್ಕೆ ನನ್ನ ಹತ್ರ ಲೆಕ್ಕ ಇಲ್ಲ, ಆ ಪಾರ್ಟಿನ ನೀನೇ ಬಲ್ಲೆ. ಪೂರಾ ಬಿಲ್ಲಿಗೆ ಆಗಲ್ಲ ಅಂದ್ರೆ ಮುಂದಿನ ಆರ್ಡರಿಗೆ ಎರಡು ಬಿಲ್ ಮಾಡಿಸು. 2,50,000ದ ಬಿಲ್ಲಿಗೆ ಸಿಡಿ ತಗೊಂಡ್ರೆ ಕಟ್ಟೋದು 2,57,500, ಲಿಮಿಟ್ ಒಳಗೆ ಕೂಡ್ತೈತೆ. ಅದ್ರಾಗೆ ಬಂದ ಮಾಲನ್ನ ಮೊದ್ಲು ವಾಷ್ ಮಾಡಿ ನೋಡು.

ರಾಯಚೂರು_ಜಿನ್ನಿಂಗ್: ಎರಡು ಬಿಲ್ ಮಾಡಿದ್ರ ಎರಡು ಕ್ರೆಡಿಟ್ ನೋಟು. 2ಬಿ ಎರಡು ಸಲ ನೋಡ್ಬೇಕು, ಅಷ್ಟು ನೆನಪಿರ್ಲಿ.

ತುಂಗಭದ್ರಾ_ತೀರ: ಈಗ 2ಬಿ ನೋಡ್ಬೇಕು ಅಂತೀರಾ?

ರಾಯಚೂರು_ಜಿನ್ನಿಂಗ್: ನಾ ಯಾವಾಗ ಬ್ಯಾಡ ಅಂದೀನಿ?

ಕೌಲ್‌ಬಜಾರ್_ಜೀನ್ಸ್: ಈಗ ಫೋನ್ ಮಾಡಿದ್ದೆ. ಎರಡು ಬಿಲ್ಲಿಗೆ ಒಪ್ಪಿದ್ರು. 10 ದಿನ ಅಂದ್ರೆ ದುಡ್ಡು ಅವ್ರ ಅಕೌಂಟಿಗೆ ಬಿದ್ದ ದಿನವಂತೆ, ನಾನು ಕಳಿಸಿದ ದಿನ ಅಲ್ಲ. ಕ್ರೆಡಿಟ್ ನೋಟು ಜಿಎಸ್‌ಟಿ ಹಾಕಿನಾ ಇಲ್ದೆನಾ ಅಂತ ಕೇಳಿದ್ದಕ್ಕೆ ಅವ್ರ ಅಕೌಂಟೆಂಟ್ ಸೋಮವಾರ ಹೇಳ್ತಾರಂತೆ.