ಸಹಾಯ ಬೇಕು: ಸ್ಕೂಲ್ ಆನ್ಯುಯಲ್ ಡೇ ರಿಪೋರ್ಟ್, ಇಂಗ್ಲಿಷ್ ಪೇಪರ್‌ಗೆ

ನಮಸ್ಕಾರ, ಇಂಗ್ಲಿಷ್ ಪೇಪರ್‌ಗೆ ಸುದ್ದಿ ಬರೆದು ಅಭ್ಯಾಸ ಇರೋರು ಸ್ವಲ್ಪ ಹೇಳಿ. ಹೆಡ್‌ಲೈನ್ ಪ್ರೆಸೆಂಟ್ ಟೆನ್ಸ್, ಕೆಳಗೆ ಊರು ತಾರೀಕು, ಆಮೇಲೆ ಪೂರ್ತಿ ಪಾಸ್ಟ್ ಟೆನ್ಸ್, 'ನಮ್ಮ ಶಾಲೆ' ಅಂತ ಎಲ್ಲೂ ಹಾಕಿಲ್ಲ, ಇಷ್ಟು ಓಕೆ.

ತಕರಾರು ಇರೋದು ಮೊದಲ ಪ್ಯಾರಾದ್ದು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗಿದ್ದು ಅಂತ ಕಾರ್ಯಕ್ರಮ ನಡೆದ ಆರ್ಡರ್‌ನಲ್ಲೇ ಬರೀರಿ ಅಂತಾರೆ ಹೆಡ್‌ಮಾಸ್ಟ್ರು, ಆದ್ರೆ ಜಾಗ ಸಾಲದಿದ್ರೆ ಪೇಪರ್‌ನೋರು ಕೆಳಗಿಂದ ಕತ್ತರಿಸ್ತಾರಲ್ವಾ, ಆಗ ಉಳಿಯೋದು ಬರೀ ದೀಪ! ಅದಕ್ಕೆ ನಾನು 'ಏಳನೇ ಕ್ಲಾಸಿನ ಹೆಣ್ಮಕ್ಕಳು ಶನಿವಾರ ಸಂಜೆ ಶಾಲಾ ವಾರ್ಷಿಕೋತ್ಸವದಲ್ಲಿ ಯಕ್ಷಗಾನ ಆಡಿದರು' ಅನ್ನೋ ಅರ್ಥದಲ್ಲಿ ಶುರು ಮಾಡಿದೀನಿ, ಯಾರು ಏನು ಯಾವಾಗ ಎಲ್ಲಿ ಎಲ್ಲಾ ಒಂದೇ ವಾಕ್ಯದಲ್ಲಿ ಬಂತು. ಎರಡನೇ ಪ್ಯಾರಾದಲ್ಲಿ ಬಿಇಒ ಹೇಳಿದ ಒಂದು ಮಾತು, ಆಮೇಲೆ ಬಹುಮಾನ, ಸ್ವಾಗತ ವಂದನಾರ್ಪಣೆ ಕೊನೇಲಿ. 'ಗ್ರ್ಯಾಂಡ್ ಸಕ್ಸಸ್' ತೆಗೆದೆ, ಅದು ಸುದ್ದಿ ಅಲ್ಲ ನಮ್ಮ ಅಭಿಪ್ರಾಯ ಅಷ್ಟೇ.

ಈಗ ಡೌಟು, ಅಧ್ಯಕ್ಷರ ಹೆಸರು ಮೊದಲ ಪ್ಯಾರಾದಲ್ಲಿ ಇಲ್ದಿದ್ರೆ ನಡೆಯುತ್ತಾ? ಶಾಲೆಯಿಂದ ಕಳಿಸೋವಾಗ ಬೈಲೈನ್ ಹಾಕ್ಬೇಕಾ ಬಿಡ್ಬೇಕಾ?